ಅಧ್ಯಕ್ಷೆಯಾಗಿ ಕೊಟ್ಟ ಮೂರು ಮಾತು

ನಮ್ಮೂರಿನ ಪಟ್ಟಣ ಸಹಕಾರ ಬ್ಯಾಂಕಿನ ವಾರ್ಷಿಕ ವರದಿ ಬಹಳ ವರ್ಷ ಅಚ್ಚಾಗಿದ್ದು ನಮ್ಮ ಪ್ರೆಸ್‌ನಲ್ಲೇ. ಹಾಗಾಗಿ ಬ್ಯಾಂಕಿನ ಲೆಕ್ಕದ ಪರಿಚಯ ನನಗಾಗಿದ್ದು ಪ್ರೂಫ್ ತಿದ್ದುತ್ತಾ. ಸೆಪ್ಟೆಂಬರ್ ಸಭೆ ಹತ್ತಿರ ಬಂದಾಗ ಒಂದು ಫೈಲ್ ಬರುತ್ತಿತ್ತು. ಮೊದಲು ಅಧ್ಯಕ್ಷರ ಕಲರ್ ಫೋಟೋ, ಆಮೇಲೆ ನಿರ್ದೇಶಕರ ಫೋಟೋಗಳು, ನಂತರ ಅಢಾವೆ ಪತ್ರಿಕೆ, ಕಟ್ಟಕಡೆಗೆ ಲೆಕ್ಕಪತ್ರದ ಟಿಪ್ಪಣಿಗಳು. ಫೋಟೋ ಚೆನ್ನಾಗಿ ಬಂತಾ ಅಂತ ಕೇಳಲು ನಾಲ್ಕು ಜನ ಫೋನ್ ಮಾಡುತ್ತಿದ್ದರು. ಟಿಪ್ಪಣಿಗಳ ಬಗ್ಗೆ ಬರುತ್ತಿದ್ದ ಸೂಚನೆ ಒಂದೇ: "ಪುಟ ಜಾಸ್ತಿ ಆಗ್ತಿದೆ, ಅಕ್ಷರ ಸಣ್ಣದು ಮಾಡಿ."

ಸಣ್ಣ ಅಕ್ಷರದಲ್ಲಿ ಹೋಗುತ್ತಿದ್ದ ಆ ಭಾಗದಲ್ಲೇ ನಿಜವಾದ ವಿಷಯ ಇರುತ್ತಿತ್ತು. ಬ್ಯಾಂಕಿನ ಒಟ್ಟು ಸಾಲದಲ್ಲಿ ಅತಿ ದೊಡ್ಡ 20 ಸಾಲಗಾರರ ಪಾಲು ಎಷ್ಟು, ಎನ್‌ಪಿಎ ಅಂದರೆ ಸುಸ್ತಿಯಾದ ಸಾಲ ಎಷ್ಟು, ಅದಕ್ಕೆ ಎತ್ತಿಟ್ಟ ಹಣ ಎಷ್ಟು ಎಂಬುದನ್ನೆಲ್ಲ ಅಲ್ಲಿ ಹಾಕಲೇಬೇಕು, ರಿಸರ್ವ್ ಬ್ಯಾಂಕಿನ ನಿಯಮ ಅದು. ಅಂದರೆ ಬ್ಯಾಂಕು ಏನನ್ನೂ ಮುಚ್ಚಿಟ್ಟಿರಲಿಲ್ಲ. ಓದಲು ಆಗದ ಹಾಗೆ ಇಟ್ಟಿತ್ತು, ಅಷ್ಟೆ.

ಇದೇ ಬ್ಯಾಂಕಿನ ಆಡಳಿತ ಮಂಡಳಿಗೆ ಈಚೆಗೆ ನಾನು ಆಯ್ಕೆಯಾದೆ, ಆಮೇಲೆ ಅಧ್ಯಕ್ಷೆಯೂ ಆದೆ. ಪದಗ್ರಹಣದ ದಿನ ಭಾಷಣ ಮಾಡಿ ಮೂರು ಮಾತು ಕೊಟ್ಟೆ. ಆ ಮಾತುಗಳು ಹೇಗೆ ರೂಪುಗೊಂಡವು, ಕೊಟ್ಟ ಮೇಲೆ ಏನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರು ಬೇಡ. ಒಂದೇ ಜಿಲ್ಲೆಯಲ್ಲಿ ಕೆಲಸ ಮಾಡುವ, ನೂರು ಕೋಟಿಯೊಳಗಿನ ಠೇವಣಿ ಇರುವ ಸಣ್ಣ ಬ್ಯಾಂಕು ಅಂದುಕೊಳ್ಳಿ.

ನಾಮಪತ್ರ ಹಾಕುವ ಮೊದಲೇ ಎರಡು ಕೆಲಸ ಮುಗಿಸಬೇಕಾಯಿತು. ನಮ್ಮ ಯಜಮಾನರ ಹೆಸರಿನಲ್ಲಿ ಪ್ರೆಸ್‌ಗೆಂದು ಅದೇ ಬ್ಯಾಂಕಿನಲ್ಲಿ ಒಂದು ಓವರ್‌ಡ್ರಾಫ್ಟ್ ಸಾಲದ ಖಾತೆ ಇತ್ತು. ಪಟ್ಟಣ ಸಹಕಾರ ಬ್ಯಾಂಕುಗಳು ನಿರ್ದೇಶಕರಿಗಾಗಲಿ ಅವರ ಹತ್ತಿರದ ಸಂಬಂಧಿಕರಿಗಾಗಲಿ ಸಾಲ ಕೊಡುವಂತಿಲ್ಲ. ತಮ್ಮದೇ ಠೇವಣಿ, ಎಲ್ಐಸಿ ಪಾಲಿಸಿ ಮೇಲಿನ ಸಾಲದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಸಾಲ ತೀರಿಸಿ ಖಾತೆ ಮುಚ್ಚಿದೆವು. ವರದಿ ಅಚ್ಚು ಹಾಕುವ ಕೆಲಸವನ್ನೂ ಬಿಟ್ಟೆವು. ಯಜಮಾನರಿಗೆ ಅದು ಸ್ವಲ್ಪ ಬೇಜಾರೇ. "ಸಾಲಾನೂ ಇಲ್ಲ, ಕೆಲಸಾನೂ ಇಲ್ಲ. ಅಧ್ಯಕ್ಷರಾಗಿ ಏನು ಸಿಗುತ್ತೆ?" ಅಂದರು. ಸಭೆ ಭತ್ಯೆ ಸಿಗುತ್ತೆ ಅಂದೆ. ನಕ್ಕರು.

ಮತದಾರರ ಪಟ್ಟಿಯದೇ ಒಂದು ಕಥೆ. ಸಭೆಗಳಿಗೆ ಬರದ, ಬ್ಯಾಂಕಿನಲ್ಲಿ ವ್ಯವಹಾರ ಮಾಡದ ಸದಸ್ಯರು ಮತ ಹಾಕಲು ಅನರ್ಹರು ಎಂಬ ನಿಯಮದಡಿ ಅರ್ಹರ ಪಟ್ಟಿ, ಅನರ್ಹರ ಪಟ್ಟಿ ಎಂದು ಎರಡು ಮಾಡುತ್ತಾರೆ. ಅನರ್ಹರಲ್ಲಿ ಕೆಲವರು ಕೋರ್ಟಿಗೆ ಹೋಗಿ ಮತ ಹಾಕುವ ಆದೇಶ ತರುತ್ತಾರೆ. ಸಹಕಾರ ಚುನಾವಣೆ ನೋಡಿದವರಿಗೆಲ್ಲ ಇದು ಗೊತ್ತು. ನಿಯಮದ ಉದ್ದೇಶ ಒಳ್ಳೆಯದೇ, ಜನ ಸಭೆಗೆ ಬರಲಿ ಅಂತ. ಆದರೆ ನಮ್ಮಲ್ಲಿ ಆಗಿದ್ದು ಬೇರೆ. ಜನ ಸಹಿ ಮಾಡಲು ಬರುತ್ತಿದ್ದರು. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಸಿಹಿ ಪೊಟ್ಟಣ ಮತ್ತು ಆ ವರ್ಷದ ಉಡುಗೊರೆ ತೆಗೆದುಕೊಂಡು ಹಾಗೇ ಬೈಕ್ ಹತ್ತುತ್ತಿದ್ದರು. ಒಳಗೆ ಕಾರ್ಯಸೂಚಿಯ ಐದನೇ ವಿಷಯಕ್ಕೆ ಬರುವಷ್ಟರಲ್ಲಿ ಮುಂದಿನ ಮೂರು ಸಾಲಿನಲ್ಲಿ ಮಾತ್ರ ಜನ. "ಲೆಕ್ಕಪತ್ರ ಓದಿದಂತೆ ಭಾವಿಸಲಾಗಿದೆ, ಒಪ್ಪಿಗೆ ಇದೆಯೇ?" "ಇದೆ, ಇದೆ." ಅಲ್ಲಿಗೆ ಮುಗಿಯಿತು.

ನಿರ್ದೇಶಕರ ಚುನಾವಣೆ ಮುಗಿದ ಮೇಲೆ ಅಧ್ಯಕ್ಷ, ಉಪಾಧ್ಯಕ್ಷರನ್ನು ನಿರ್ದೇಶಕರೇ ಆರಿಸಬೇಕು. ಅದಕ್ಕೆಂದೇ ಚುನಾವಣಾಧಿಕಾರಿ ಸಭೆ ಕರೆಯುತ್ತಾರೆ. ಎರಡು ಗುಂಪಿನಲ್ಲಿ ಯಾರಿಗೂ ಗಟ್ಟಿ ಬಹುಮತ ಇರಲಿಲ್ಲ. ನಮ್ಮ ಕಡೆಯ ರೂಢಿಯಂತೆ ಎರಡೂವರೆ ವರ್ಷ ಒಬ್ಬರು, ಉಳಿದ ಎರಡೂವರೆ ವರ್ಷ ಇನ್ನೊಬ್ಬರು ಎಂಬ ಮಾತಾಯಿತು. ಮೊದಲ ಅವಧಿಗೆ ಯಾರಿಗೂ ಬೇಡವಾಗದ ಹೆಸರು ಬೇಕಿತ್ತು, ನನ್ನದು ಬಂತು. ಇನ್ನೊಬ್ಬರು ನಾಮಪತ್ರ ಹಾಕದ ಕಾರಣ ಅವಿರೋಧ ಆಯ್ಕೆ. ಹೊರಗೆ ಪಟಾಕಿ ಹೊಡೆದರು. ಒಳಗೆ ಎರಡು ನಿಮಿಷ "ಎಲ್ಲರಿಗೂ ಧನ್ಯವಾದ" ಹೇಳಿದೆ. ಸರಿಯಾದ ಭಾಷಣ ಮುಂದಿನ ವಾರದ ಪದಗ್ರಹಣ ಸಮಾರಂಭಕ್ಕೆ ಅಂತಾಯಿತು.

ನಾನು ಬರೆದುಕೊಂಡ ಮೊದಲ ಕರಡಿನಲ್ಲಿ "ಬ್ಯಾಂಕಿನ ಪ್ರತಿಯೊಂದು ಮಾಹಿತಿಯೂ ಸದಸ್ಯರ ಮುಂದೆ ತೆರೆದಿರುತ್ತದೆ" ಎಂಬ ಸಾಲಿತ್ತು. ಬ್ಯಾಂಕಿನ ಸಿಇಒ ಮೂವತ್ತು ವರ್ಷದ ಅನುಭವ ಇರುವವರು, ಮಾತು ಕಡಿಮೆ. ಕರಡು ಓದಿ ಪೆನ್ಸಿಲ್ ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದರು.

"ಇದನ್ನ ಹೇಳಿದ್ರೆ ನಾಳೆ ಯಾರಾದ್ರೂ ಬಂದು ಸುಸ್ತಿದಾರರ ಪಟ್ಟಿ ಕೊಡಿ ಅಂತಾರೆ ಮೇಡಂ. ಕೊಡೋಕಾಗುತ್ತಾ?"

ಕೊಡಲು ಆಗುವುದಿಲ್ಲ. ಗ್ರಾಹಕರ ಖಾತೆಯ ವಿವರ ಗುಟ್ಟಾಗಿಡುವುದು ಬ್ಯಾಂಕಿನ ಕರ್ತವ್ಯ. ಸಾಲ ವಸೂಲಿಗೆ ಆಸ್ತಿ ಸ್ವಾಧೀನ ಅಥವಾ ಹರಾಜಿನ ನೋಟಿಸ್ ಪತ್ರಿಕೆಯಲ್ಲಿ ಪ್ರಕಟವಾದರೆ ಹೆಸರು ತಾನಾಗಿ ಹೊರಗೆ ಬರುತ್ತದೆ. ಅದಕ್ಕೆ ಮುಂಚೆ ಅಧ್ಯಕ್ಷೆ ವೇದಿಕೆ ಮೇಲೆ ನಿಂತು ಹೆಸರು ಹೇಳುವಂತಿಲ್ಲ. ರಿಸರ್ವ್ ಬ್ಯಾಂಕಿನ ತಪಾಸಣಾ ವರದಿಯೂ ಹಾಗೇ, ಅದು ಗೋಪ್ಯ ಎಂದೇ ನಮ್ಮ ಕೈಗೆ ಬರುತ್ತದೆ. ಲೆಕ್ಕಪರಿಶೋಧಕರ ವರದಿ ಬೇರೆ. ಅದನ್ನು, ಅದರ ಆಕ್ಷೇಪಣೆಗಳಿಗೆ ಬ್ಯಾಂಕು ಕೊಟ್ಟ ಉತ್ತರವಾದ ಅನುಪಾಲನಾ ವರದಿಯನ್ನು ಸಾಮಾನ್ಯ ಸಭೆಯ ಮುಂದೆ ಇಡಬೇಕಾದದ್ದೇ.

ಅವರ ಎರಡನೇ ಆಕ್ಷೇಪಣೆ ಇನ್ನೂ ಗಟ್ಟಿಯಾಗಿತ್ತು. "ಸುಸ್ತಿ ಎಷ್ಟು ಅಂತ ಬೋರ್ಡಿಗೆ ಹಾಕಿದ್ರೆ ಠೇವಣಿದಾರರು ಹೆದರಿ ಕ್ಯೂ ನಿಂತ್ರೆ?" ಈ ಭಯವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನಿಂದ 35 ಸಾವಿರ ರೂಪಾಯಿಗಿಂತ ಜಾಸ್ತಿ ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ನಮ್ಮ ಕೌಂಟರಿನಲ್ಲೂ ವಯಸ್ಸಾದವರು ಬಂದು "ನಮ್ಮದು ಸರಿಯಾಗಿದೆಯಾ?" ಅಂತ ಕೇಳಿದ್ದರು. ಠೇವಣಿ ವಿಮೆ ಒಂದು ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ಆಮೇಲೆ, ಅದೇ ಫೆಬ್ರುವರಿಯಲ್ಲಿ.

ನನ್ನ ವಾದ ಇಷ್ಟೇ ಇತ್ತು. ಒಂದೇ ಸಂಖ್ಯೆ ಹಾಕಿದರೆ ಜನ ಹೆದರುತ್ತಾರೆ. ಅದರ ಪಕ್ಕದಲ್ಲಿ ಉಳಿದ ಸಂಖ್ಯೆಗಳೂ ಇದ್ದರೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಕಾಣಿಸುತ್ತಿದ್ದರೆ ಅಭ್ಯಾಸವಾಗುತ್ತದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಹಾಳೆ ಹೇಗಿರಬೇಕು ಅಂತ ಕೂತು ಬರೆಯಲು ನನಗಿಂತ ಹೆಚ್ಚು ಕಷ್ಟಪಟ್ಟವರು ಅವರೇ.

ಕೊನೆಗೆ ಉಳಿದದ್ದು ಮೂರು ಮಾತು. ಮೂರು ತಿಂಗಳಿಗೊಮ್ಮೆ ಬ್ಯಾಂಕಿನ ಸ್ಥಿತಿ ಒಂದೇ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಪ್ರತಿ ಶಾಖೆಯ ನೋಟಿಸ್ ಬೋರ್ಡಿನಲ್ಲಿ. ಮೂರು ತಿಂಗಳಿಗೊಮ್ಮೆ ಸದಸ್ಯರ ಸಭೆ. ವಾರ್ಷಿಕ ಸಭೆಗೆ ಮುಂಚೆ ಲೆಕ್ಕಪರಿಶೋಧನಾ ವರದಿ ಮತ್ತು ಅನುಪಾಲನಾ ವರದಿ ಯಾವ ಸದಸ್ಯ ಬಂದರೂ ಕೂತು ಓದಲು ಶಾಖೆಯಲ್ಲಿ ಲಭ್ಯ.

ಪದಗ್ರಹಣದ ದಿನ ಶಾಲು, ಹಾರ, ಮೈಸೂರು ಪೇಟ ಎಲ್ಲ ಇತ್ತು. ನನಗಿಂತ ಮೊದಲು ಮಾತಾಡಿದ ಹಿರಿಯರು ವಾಡಿಕೆಯಂತೆ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಕಣಗಿನಹಾಳದಿಂದ ಶುರು ಮಾಡಿ ಅದನ್ನು ಕಟ್ಟಿದ ಸಿದ್ದನಗೌಡ ಪಾಟೀಲರನ್ನು ನೆನೆದರು. ಸಹಕಾರಿಗಳ ಸಭೆಯಲ್ಲಿ ಅದು ಪ್ರಾರ್ಥನೆ ಇದ್ದಂತೆ. ನಾನೂ ಅಲ್ಲಿಂದಲೇ ಶುರು ಮಾಡಬೇಕೆಂದಿದ್ದೆ, ಬಿಟ್ಟೆ. ನೇರ ಲೆಕ್ಕಕ್ಕೆ ಬಂದೆ.

ಭಾಷಣದ ಆ ಭಾಗವನ್ನು ಹೇಳಿದ ಹಾಗೇ ಕೊಡುತ್ತೇನೆ. ಅರ್ಥವಾಗಲಿ ಎಂದು ಸಂಖ್ಯೆಗಳನ್ನು ದುಂಡಗೆ ಮಾಡಿದ್ದೆ.

"ಸದಸ್ಯ ಬಂಧುಗಳೇ, ಒಂದು ಬ್ಯಾಂಕು 60 ಕೋಟಿ ಸಾಲ ಕೊಟ್ಟಿದೆ ಅಂದುಕೊಳ್ಳಿ. ಅದರಲ್ಲಿ 6 ಕೋಟಿಯ ಕಂತೋ ಬಡ್ಡಿಯೋ 90 ದಿನ ದಾಟಿದರೂ ಬಂದಿಲ್ಲ. ನೂರಕ್ಕೆ ಹತ್ತು. ಇದು ಒಟ್ಟು ಎನ್‌ಪಿಎ. ಬರದೇ ಹೋದರೆ ಇರಲಿ ಅಂತ ಬ್ಯಾಂಕು ಲಾಭದಿಂದ 4.5 ಕೋಟಿ ಎತ್ತಿಟ್ಟಿದೆ. 6ರಲ್ಲಿ ಅದನ್ನು ಕಳೆದರೆ 1.5 ಕೋಟಿ. 60ರಲ್ಲೂ ಅದನ್ನು ಕಳೆದರೆ 55.5 ಕೋಟಿ. ಈಗ ನೂರಕ್ಕೆ 2.7 ಆಯಿತು. ಇದು ನಿವ್ವಳ ಎನ್‌ಪಿಎ. ಎರಡೂ ಸುಳ್ಳಲ್ಲ. ಆದರೆ ಅಧ್ಯಕ್ಷರ ಮಾತಿನಲ್ಲಿ ಬರೋದು 2.7 ಮಾತ್ರ. 10 ಎಲ್ಲಿರುತ್ತೆ? ಹಿಂದಿನ ಪುಟದ ಸಣ್ಣ ಅಕ್ಷರದಲ್ಲಿ. ಆ ಅಕ್ಷರ ಜೋಡಿಸಿದವಳು ನಾನೇ, ಅದಕ್ಕೇ ಗೊತ್ತು. ಇನ್ನು ಮೇಲೆ ಎರಡೂ ಪಕ್ಕಪಕ್ಕ ಇರುತ್ತವೆ."

ಜನ ನಕ್ಕರು. ಹಿಂದಿನ ಅಧ್ಯಕ್ಷರು ಮುಂದಿನ ಸಾಲಿನಲ್ಲಿದ್ದರು, ಅವರು ನಗಲಿಲ್ಲ. ಅವರ ಕಾಲದಲ್ಲಿ ಎತ್ತಿಟ್ಟ ಹಣದಿಂದಲೇ ನಿವ್ವಳ ಇಷ್ಟು ಕೆಳಗಿದೆ ಅನ್ನುವುದನ್ನೂ ಹೇಳಿದೆ. ಅದು ನಿಜ. ಲಾಭ ಕಡಿಮೆ ತೋರಿಸಿ, ಡಿವಿಡೆಂಡ್ ಕಡಿಮೆ ಕೊಟ್ಟು ಬೈಗುಳ ತಿಂದ ಮನುಷ್ಯ ಅವರು.

ಯಾಕೆ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಸಾಲದೇ ಅಂತ ಕೇಳಬಹುದು. ಉತ್ತರ ಮಾರ್ಚ್ ತಿಂಗಳಲ್ಲಿದೆ. ವಾರ್ಷಿಕ ಲೆಕ್ಕ ಮಾರ್ಚ್ 31ರ ಒಂದು ದಿನದ ಚಿತ್ರ. ಆ ದಿನಕ್ಕೆ ಸುಸ್ತಿ ಕಡಿಮೆ ಕಾಣಿಸಬೇಕೆಂದರೆ ಹಳೆಯ ಉಪಾಯವೊಂದಿದೆ. ಸುಸ್ತಿದಾರನ ಹೆಂಡತಿಗೋ ತಮ್ಮನಿಗೋ ಮಾರ್ಚ್ ಕೊನೆಯಲ್ಲಿ ಹೊಸ ಸಾಲ ಮಂಜೂರಾಗುತ್ತದೆ. ಆ ಹಣದಿಂದ ಹಳೆಯ ಬಾಕಿ ತೀರುತ್ತದೆ. ಪುಸ್ತಕದಲ್ಲಿ ವಸೂಲಿಯೂ ಆಯಿತು, ಹೊಸ ಸಾಲವೂ ಆಯಿತು, ನಗದು ಮಾತ್ರ ಬಾಗಿಲು ದಾಟಿ ಒಳಗೆ ಬಂದಿಲ್ಲ. ಇದಕ್ಕೆ 'ಹೊಂದಾಣಿಕೆ' ಅನ್ನುತ್ತಾರೆ. ಹೊಸ ಸಾಲದ ಕಂತು ನಿಂತು 90 ದಿನ ಆಗುವವರೆಗೆ ಅದು ಒಳ್ಳೆಯ ಸಾಲವೇ. ರಿಸರ್ವ್ ಬ್ಯಾಂಕ್ ಇದನ್ನು ಒಪ್ಪುವುದಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ಹಳೆಯ ತಾರೀಕಿನಿಂದಲೇ ಎನ್‌ಪಿಎ ಎಂದು ಬರೆಸುತ್ತದೆ. ಆದರೆ ಸದಸ್ಯರ ಕಣ್ಣಿಗೆ ಬೀಳುವುದು ವಾರ್ಷಿಕ ವರದಿ ಮಾತ್ರ, ಅದು ಕೈಗೆ ಬರುವುದು ಸೆಪ್ಟೆಂಬರ್‌ನಲ್ಲಿ.

ಡಿಸೆಂಬರ್, ಮಾರ್ಚ್, ಜೂನ್, ಸೆಪ್ಟೆಂಬರ್ ಸಾಲಾಗಿ ಇಟ್ಟರೆ ಈ ಆಟ ಹೊರಗಿನವರಿಗೂ ಕಾಣುತ್ತದೆ. ಮಾರ್ಚ್‌ನಲ್ಲಿ ಸುಸ್ತಿ ದಿಢೀರ್ ಇಳಿದು ಜೂನ್, ಸೆಪ್ಟೆಂಬರ್‌ಗಳಲ್ಲಿ ಮತ್ತೆ ಅಷ್ಟೇ ಏರಿದರೆ ಪ್ರಶ್ನೆ ಕೇಳಬೇಕು. ಹಾಗೆ ಇಳಿದದ್ದೆಲ್ಲ ಹೊಂದಾಣಿಕೆ ಅಲ್ಲ. ಮಾರ್ಚ್‌ನಲ್ಲಿ ಎಲ್ಲ ಬ್ಯಾಂಕುಗಳೂ ವಸೂಲಿಗೆ ಓಡಾಡುತ್ತವೆ, ನಿಜವಾದ ದುಡ್ಡೂ ಬರುತ್ತದೆ. ಅದಕ್ಕೇ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿದೆವು: ಆ ಮೂರು ತಿಂಗಳಲ್ಲಿ ಕೊಟ್ಟ ಹೊಸ ಸಾಲದಲ್ಲಿ ಕೊನೆಯ ಹತ್ತು ದಿನದಲ್ಲಿ ಕೊಟ್ಟದ್ದೆಷ್ಟು. ಈ ಸಾಲು ಸಿಇಒ ಹೇಳಿದ್ದು. ನನಗೆ ಹೊಳೆದಿರಲಿಲ್ಲ.

ಉಳಿದಂತೆ ಹಾಳೆಯಲ್ಲಿ ಠೇವಣಿ, ಸಾಲ, ದೊಡ್ಡ 20 ಸಾಲಗಾರರ ಪಾಲು (ಹೆಸರಿಲ್ಲದೆ), ಬಂಡವಾಳದ ಪ್ರಮಾಣ ಇರುತ್ತವೆ. ನಮ್ಮಂಥ ಬ್ಯಾಂಕಿಗೆ, ಅಪಾಯಕ್ಕೆ ತಕ್ಕಂತೆ ತೂಗಿದ ಸಾಲ, ಹೂಡಿಕೆಗಳ ಮೊತ್ತದಲ್ಲಿ ಬಂಡವಾಳ ಕನಿಷ್ಠ ನೂರಕ್ಕೆ 9 ಇರಬೇಕು, ಅದನ್ನೂ ಪಕ್ಕದಲ್ಲೇ ಬರೆದೆವು. ಕೆಳಗೆ ನಿರ್ದೇಶಕರ ಹಾಜರಿ, ಅವರು ಪಡೆದ ಸಭೆ ಭತ್ಯೆ ಮತ್ತು ಪ್ರಯಾಣ ಭತ್ಯೆ. ಆಡಳಿತ ಮಂಡಳಿಯಲ್ಲಿ ಜಗಳ ಆಗಿದ್ದು ಎನ್‌ಪಿಎ ಸಾಲಿನ ಬಗ್ಗೆ ಅಲ್ಲ, ಈ ಕೊನೆಯ ಸಾಲಿನ ಬಗ್ಗೆ. "ನಮ್ಮ ಟಿಎ ಎಷ್ಟು ಅಂತ ಪೇಟೆಗೆಲ್ಲ ಗೊತ್ತಾಗ್ಬೇಕಾ?" ಅಂತ ಒಬ್ಬರು ಎದ್ದೇ ಹೋದರು. ಪದಗ್ರಹಣ ಸಮಾರಂಭದ ಬಿಲ್ಲು ಯಾವ ಖಾತೆಗೆ ಬಿತ್ತು ಅಂತ ನಾನು ಕೇಳಿದಾಗ ಎಲ್ಲರೂ ಸುಮ್ಮನಾದರು. 'ಸಭಾ ವೆಚ್ಚ'ಕ್ಕೆ ಬಿದ್ದಿತ್ತು. ಶಾಲು, ಹಾರ, ಪೇಟ, ಊಟ ಎಲ್ಲವನ್ನೂ ಮೊದಲ ಹಾಳೆಯಲ್ಲಿ ಬೇರೆ ಸಾಲಾಗಿ ತೋರಿಸಿದೆವು. ನನ್ನ ಪೇಟದ ಬೆಲೆ ಊರಿಗೆಲ್ಲ ಗೊತ್ತಾಯಿತು.

ಸಭೆಯ ಮಾತು ಕೊಡುವಾಗ ಒಂದು ವಿಷಯ ಸ್ಪಷ್ಟ ಮಾಡಿದ್ದೆ. ಕಾನೂನಿನ ಪ್ರಕಾರ ಅಧಿಕಾರ ಇರುವುದು ಸಾಮಾನ್ಯ ಸಭೆಗೆ. ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ಅದನ್ನು ಕರೆಯಬೇಕು, ನೋಟಿಸ್ ಕೊಡಬೇಕು, ಕೋರಂ ಇರಬೇಕು. ನಮ್ಮ ಮೂರು ತಿಂಗಳ ಸಭೆಯಲ್ಲಿ ಠರಾವು ಆಗುವುದಿಲ್ಲ, ಮತಕ್ಕೆ ಹಾಕುವುದಿಲ್ಲ. ಸದಸ್ಯರು ಕೇಳುತ್ತಾರೆ, ನಾವು ಉತ್ತರಿಸುತ್ತೇವೆ. ಪ್ರಶ್ನೆಯನ್ನೂ ಉತ್ತರವನ್ನೂ ಒಂದು ಪುಸ್ತಕದಲ್ಲಿ ಬರೆದು ಮುಂದಿನ ಆಡಳಿತ ಮಂಡಳಿ ಸಭೆಯ ಮೇಜಿಗೆ ಇಡುತ್ತೇವೆ. ಇದರ ಹಾಜರಿ ಮತದಾನದ ಅರ್ಹತೆಗೆ ಲೆಕ್ಕಕ್ಕೆ ಬರುವುದಿಲ್ಲ. ಉಡುಗೊರೆ ಇಲ್ಲ, ಕಾಫಿ ಮತ್ತು ಬಿಸ್ಕತ್ ಮಾತ್ರ.

ಮೊದಲ ಸಭೆಗೆ ಬಂದವರು ಕಡಿಮೆ. ಬಂದವರಲ್ಲೂ ಅರ್ಧ ಜನ ತಮ್ಮ ಸ್ವಂತ ಕೆಲಸಕ್ಕೆ ಬಂದಿದ್ದರು. ನನ್ನ ಚಿನ್ನದ ಸಾಲಕ್ಕೆ ಬಡ್ಡಿ ಯಾಕೆ ಇಷ್ಟು, ನಮ್ಮ ಅಣ್ಣ ತೀರಿಕೊಂಡ, ಅವನ ಷೇರು ಹಣ ಯಾವಾಗ ಕೊಡ್ತೀರಿ, ಹೀಗೆ. ಒಬ್ಬೊಬ್ಬರ ಖಾತೆ ವಿಚಾರ ಎಲ್ಲರ ಮುಂದೆ ಮಾತಾಡಲು ಬರುವುದಿಲ್ಲ. ಮ್ಯಾನೇಜರ್‌ ಒಬ್ಬರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಅಂಥವರನ್ನು ಅಲ್ಲಿಗೆ ಕಳಿಸಿದೆವು. ಎರಡನೇ ಸಭೆಯಿಂದ ಆ ಕೋಣೆ ಮೊದಲೇ ಸಿದ್ಧ.

ಹಾಳೆ ನೋಡಿ ಪ್ರಶ್ನೆ ಕೇಳಿದವರಲ್ಲಿ ಒಬ್ಬರು ಅಕ್ಕಿ ಮಂಡಿ ಇಟ್ಟುಕೊಂಡಿದ್ದ ಹಿರಿಯರು. ಕನ್ನಡಕ ಹಣೆಗೇರಿಸಿ ಕಾಗದವನ್ನು ಮುಖದ ಹತ್ತಿರ ಹಿಡಿದು, ಬೆರಳಿಟ್ಟು ಕೇಳಿದರು.

"ಏನಮ್ಮಾ, ಈ 20 ಜನರ ಹತ್ರಾನೇ ಸಾಲದ ಮೂರನೇ ಒಂದು ಪಾಲು ಇದೆ. ಇವರಲ್ಲಿ ಇಬ್ಬರು ಮುಳುಗಿದ್ರೆ ನೀವು ಎತ್ತಿಟ್ಟಿರೋದು ಸಾಲುತ್ತಾ?"

ಹಾಲ್‌ನಲ್ಲಿ ಗದ್ದಲ ನಿಂತಿತು. ಉತ್ತರ ಸಿಇಒ ಕೊಟ್ಟರು. ಒಬ್ಬನಿಗೇ ಕೊಡುವ ಸಾಲಕ್ಕೆ ಬ್ಯಾಂಕಿನ ಮೊದಲ ದರ್ಜೆ ಬಂಡವಾಳದ, ಅಂದರೆ ಸ್ವಂತ ಮೂಲ ಬಂಡವಾಳದ ನೂರಕ್ಕೆ 15ರ ಮಿತಿ ಇದೆ, ಒಂದೇ ಗುಂಪಿನವರಿಗೆ ಸೇರಿ 25. ಆ ಮಿತಿಯೊಳಗೇ ಇದ್ದೇವೆ, ಎಲ್ಲಕ್ಕೂ ಆಸ್ತಿ ಅಡಮಾನ ಇದೆ. ಆದರೆ ಆಸ್ತಿ ಮಾರಿ ಹಣ ಬರಲು ವರ್ಷಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ಲಾಭ ತಿಂದುಹೋಗುತ್ತದೆ. ಇಷ್ಟನ್ನೂ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಹಿರಿಯರು "ಹಾಗಾದ್ರೆ ದೊಡ್ಡ ಸಾಲ ಸ್ವಲ್ಪ ನಿಲ್ಲಿಸಿ" ಅಂದರು. ಅದು ಪುಸ್ತಕದಲ್ಲಿ ಬರೆಯಲ್ಪಟ್ಟಿತು, ಆಡಳಿತ ಮಂಡಳಿಯ ಮುಂದೆ ಹೋಯಿತು. ಮಂಡಳಿ ಪೂರ್ತಿ ನಿಲ್ಲಿಸಲು ಒಪ್ಪಲಿಲ್ಲ. ದೊಡ್ಡ ಸಾಲದ ಹೊಸ ಅರ್ಜಿ ಬಂದಾಗ ಈ 20ರ ಪಾಲು ಎಷ್ಟಾಗುತ್ತದೆ ಎಂದು ಟಿಪ್ಪಣಿಯಲ್ಲೇ ಬರೆಯಬೇಕು ಎಂದು ಠರಾವು ಮಾಡಿತು. ಮುಂದಿನ ಸಭೆಯಲ್ಲಿ ಅದನ್ನು ಅವರಿಗೆ ಓದಿ ಹೇಳಿದೆವು. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಕ್ಯೂ ನಿಲ್ಲಲಿಲ್ಲ. ಹಾಳೆ ಹಾಕಿದ ವಾರ ಒಂದಿಬ್ಬರು ದೊಡ್ಡ ಠೇವಣಿದಾರರು ಬಂದು ವಿಚಾರಿಸಿದರು. ಒಬ್ಬರು ಠೇವಣಿಯ ಸ್ವಲ್ಪ ಭಾಗ ಬೇರೆ ಬ್ಯಾಂಕಿಗೆ ಒಯ್ದರು. 5 ಲಕ್ಷಕ್ಕಿಂತ ಜಾಸ್ತಿ ಒಂದೇ ಕಡೆ ಇಡುವುದಿಲ್ಲ ಅಂದರು. ಅದು ಅವರ ಲೆಕ್ಕ, ತಪ್ಪೇನಿಲ್ಲ.

ಮೂರನೇ ಮಾತು ಇನ್ನೂ ಪೂರ್ತಿ ಪರೀಕ್ಷೆಗೆ ಬಂದಿಲ್ಲ. ಲೆಕ್ಕಪರಿಶೋಧನಾ ವರದಿ ಶಾಖೆಯ ಮೇಜಿನ ಮೇಲಿಟ್ಟೆವು, ಓದಲು ಬಂದವರು ಬೆರಳೆಣಿಕೆಯಷ್ಟು. ಇಂಗ್ಲಿಷಿನಲ್ಲಿದ್ದದ್ದೂ ಒಂದು ಕಾರಣ. ಆಕ್ಷೇಪಣೆಗಳ ಭಾಗವನ್ನಾದರೂ ಕನ್ನಡದಲ್ಲಿ ಕೊಡಿ ಎಂದು ಲೆಕ್ಕಪರಿಶೋಧಕರನ್ನು ಕೇಳಿದ್ದೇವೆ. ಮುಂದಿನ ವರ್ಷಕ್ಕೆ ಆಗಬಹುದು ಎಂದಿದ್ದಾರೆ.

ಈಗಿರುವ ದೊಡ್ಡ ತೊಡಕು ಬೇರೆ. ನನ್ನ ಎರಡೂವರೆ ವರ್ಷ ಮುಗಿದ ಮೇಲೆ ಬರುವವರು ಹಾಳೆ ಹಾಕಲೇಬೇಕೆಂದೇನಿಲ್ಲ, ಸಭೆ ಕರೆಯಲೇಬೇಕೆಂದೂ ಇಲ್ಲ. ಭಾಷಣದ ಮಾತು ಭಾಷಣ ಮಾಡಿದವಳ ಜೊತೆಗೇ ಹೋಗುತ್ತದೆ. ಉಳಿಯಬೇಕೆಂದರೆ ಬ್ಯಾಂಕಿನ ಉಪವಿಧಿಗೇ ಸೇರಬೇಕು. ಅದಕ್ಕೆ ಸಾಮಾನ್ಯ ಸಭೆ ಒಪ್ಪಬೇಕು, ಆಮೇಲೆ ಸಹಕಾರ ಇಲಾಖೆಯಲ್ಲಿ ತಿದ್ದುಪಡಿ ನೋಂದಣಿ ಆಗಬೇಕು. ತಿದ್ದುಪಡಿಯ ಕರಡು ಸಿದ್ಧವಾಗಿದೆ, ಈ ಸೆಪ್ಟೆಂಬರ್ ಸಭೆಯ ಕಾರ್ಯಸೂಚಿಯಲ್ಲಿ ಇಟ್ಟಿದ್ದೇವೆ. ಉಪಾಧ್ಯಕ್ಷರು ಹಾಳೆಗೆ ಒಪ್ಪಿದ್ದಾರೆ, ಭತ್ಯೆಯ ಸಾಲು ತೆಗೆಯಬೇಕು ಅಂತ ಹಟ ಹಿಡಿದಿದ್ದಾರೆ. ತೆಗೆಯುವುದಿಲ್ಲ ಅಂದಿದ್ದೇನೆ. ಈ ವಿಷಯವನ್ನು ಕಾರ್ಯಸೂಚಿಯ ಕೊನೆಯಿಂದ ಎತ್ತಿ ಎರಡನೆಯದಾಗಿ ಹಾಕಿಸಿದ್ದೇನೆ. ಸಿಹಿ ಪೊಟ್ಟಣ ಈ ಸಲ ಸಭೆ ಮುಗಿದ ಮೇಲೆ.